ಮರ ಬಿದ್ದ ಮರುದಿನ ಬರೆಯುವ ವರದಿ



ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸಂಜೆಯ ಗುಡುಗು ಮಳೆಗೆ ಮರ ಬೀಳದ ವರ್ಷವಿಲ್ಲ. 2024ರ ಜೂನ್ 2ರ ಭಾನುವಾರ ಹಲವರಿಗೆ ನೆನಪಿರಬಹುದು. ಅಂದು ನಗರದಲ್ಲಿ 111 ಮಿಲಿಮೀಟರ್ ಮಳೆ ದಾಖಲಾಯಿತು. ಜೂನ್ ತಿಂಗಳಲ್ಲಿ ಒಂದೇ ದಿನ ಸುರಿದ ಮಳೆಯ ಲೆಕ್ಕದಲ್ಲಿ 1891ರ ದಾಖಲೆಯನ್ನು ಅದು ಮುರಿಯಿತು. ಎಷ್ಟೋ ಬಡಾವಣೆಗಳಲ್ಲಿ ಬೆಳಗಾಗುವ ಹೊತ್ತಿಗೆ ಮರಗಳು ಕಾರು, ಸ್ಕೂಟರುಗಳ ಮೇಲೆ ಮಲಗಿದ್ದವು.

ಇಂಥ ರಾತ್ರಿ ಕಳೆದ ಮೇಲೆ ವಸತಿ ಸಮುಚ್ಚಯದ ಕಾರ್ಯದರ್ಶಿ ಒಂದು ವರದಿ ಬರೆಯಬೇಕಾಗುತ್ತದೆ. ಅದು ಎರಡು ಕಡೆ ಹೋಗುತ್ತದೆ. ಒಂದು ವಿಮಾ ಕಂಪನಿಗೆ, ಇನ್ನೊಂದು ಪಾಲಿಕೆಯ ಅರಣ್ಯ ವಿಭಾಗಕ್ಕೆ. ಕಾರ್ಯದರ್ಶಿ ಸಂಬಳವಿಲ್ಲದ ಹುದ್ದೆಯವರು. ಬ್ಯಾಂಕಿನಲ್ಲಿ, ಶಾಲೆಯಲ್ಲಿ ದುಡಿದು ನಿವೃತ್ತರಾದವರು. ಮರದ ವಿಷಯವೂ ವಿಮೆಯ ವಿಷಯವೂ ಅವರಿಗೆ ಹೊಸತು. ವಾಹನ ನಷ್ಟದ ಸರ್ವೇಯರ್ ಆಗಿ ಇಂಥ ವರದಿಗಳನ್ನು ಓದುವುದು ನನ್ನ ಕಸುಬು. ಅವುಗಳಲ್ಲಿ ಒಳ್ಳೆಯದು ಯಾವುದು, ಕೆಡುವುದು ಎಲ್ಲಿ ಅನ್ನುವುದನ್ನು ಈ ಹೊತ್ತು ಹೇಳುತ್ತೇನೆ.

ಮೊದಲೇ ನನ್ನ ಮಾತಿನ ತಿರುಳು ಹೇಳಿಬಿಡುತ್ತೇನೆ. ವರದಿಯಲ್ಲಿ ಕಂಡದ್ದು ಇರಲಿ, ಅಳೆದದ್ದು ಇರಲಿ. ಯಾರ ತಪ್ಪು ಅನ್ನುವ ತೀರ್ಪು ಬೇಡ. ಎರಡು ಕಚೇರಿಗೂ ಹೋಗುವ ವರದಿ ಒಂದೇ ಆಗಿರಲಿ.

ನಾನು ನೋಡಿದ ಹಲವು ಪ್ರಕರಣಗಳನ್ನು ಸೇರಿಸಿ ಒಂದು ಮಾದರಿ ಪ್ರಕರಣ ಕಟ್ಟಿಕೊಳ್ಳುತ್ತೇನೆ. ಬೆಂಗಳೂರಿನ ಒಂದು ವಸತಿ ಸಮುಚ್ಚಯ, 48 ಮನೆಗಳು. ಪಶ್ಚಿಮದ ಕಾಂಪೌಂಡ್ ಗೋಡೆಯ ಒಳಮಗ್ಗುಲಲ್ಲಿ ಒಂದು ಗುಲ್‌ಮೊಹರ್ ಮರ. ಅದರ ಪೂರ್ವಕ್ಕೆ ವಾಹನ ನಿಲ್ಲಿಸುವ ಜಾಗ. ಮೇ ತಿಂಗಳ ಒಂದು ಶುಕ್ರವಾರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಮರ ಬುಡಸಮೇತ ಪೂರ್ವಕ್ಕೆ ಬಿತ್ತು. ಎರಡು ಕಾರು, ಎರಡು ಸ್ಕೂಟರು ಅದರಡಿ ಸಿಕ್ಕವು. ಬುಡ ಮೇಲೆದ್ದ ರಭಸಕ್ಕೆ ಮೂರೂವರೆ ಮೀಟರ್ ಗೋಡೆಯೂ ಸೀಳಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಬಿದ್ದ ಮೊದಲ ಗಂಟೆಯಲ್ಲಿ ಏನಾಗಬೇಕು ನೋಡೋಣ. ಕೊಂಬೆಯ ನಡುವೆ ವಿದ್ಯುತ್ ತಂತಿ ಸಿಕ್ಕಿದೆಯೇ ಅನ್ನುವುದು ಎಲ್ಲಕ್ಕಿಂತ ಮೊದಲು. ಅನುಮಾನವಿದ್ದರೆ ಯಾರೂ ಹತ್ತಿರ ಸುಳಿಯಬಾರದು. ಬೆಸ್ಕಾಂನ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಬೇಕು. ಕಾರಿನೊಳಗೆ, ಕೊಂಬೆಯ ಕೆಳಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನೂ ಕರೆ ಮಾಡಿದ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಒಂದು ಆತುರ ಸಾಮಾನ್ಯ. ಕಾರಿನ ಮಾಲೀಕರು ಕೊಂಬೆಯನ್ನು ತಾವೇ ಎಳೆದು, ಕಾರನ್ನು ಹಿಂದಕ್ಕೆ ತೆಗೆಯಲು ಹೋಗುತ್ತಾರೆ. ಬಾನೆಟ್ ಜಜ್ಜಿ ರೇಡಿಯೇಟರ್ ಒಡೆದಿದ್ದರೆ, ಆ ಎಂಜಿನ್ ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಬೇರೆಯದೇ ಹಾನಿ ಶುರುವಾಗುತ್ತದೆ. ರಿಪೇರಿಗೆ ಮೊದಲು ಓಡಿಸಿ ಹೆಚ್ಚಿದ ಹಾನಿ ಮಾಲೀಕರದೇ ಹೊಣೆ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಹಾಗೆಂದು ಒಡೆದ ಗಾಜಿನೊಳಗೆ ಮಳೆ ಸುರಿಯಲಿ ಎಂದು ಬಿಡುವಂತೆಯೂ ಇಲ್ಲ. ವಾಹನವನ್ನು ಮುಂದಿನ ಹಾನಿಯಿಂದ ಕಾಪಾಡುವುದೂ ಅದೇ ಷರತ್ತಿನ ಭಾಗ. ಆದ್ದರಿಂದ ಕಾರನ್ನು ಅಲುಗಿಸದೆ ಟಾರ್ಪಾಲು ಹೊದಿಸಿ ಬಿಡುವುದೇ ಸರಿ.

ಇನ್ನು ಫೋಟೋ. ಮರ ಕತ್ತರಿಸುವವರು ಬರುವ ಮೊದಲು ತೆಗೆದ ಫೋಟೋಗಿರುವ ಬೆಲೆ ನಂತರದ್ದಕ್ಕೆ ಇಲ್ಲ. ಮೊದಲು ಎರಡನೇ ಮಹಡಿಯ ಬಾಲ್ಕನಿಯಿಂದ ಇಡೀ ದೃಶ್ಯ. ಗೋಡೆ, ಮರ, ವಾಹನ ಮೂರೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಆಮೇಲೆ ಒಂದೊಂದೇ ವಾಹನ, ಅದರ ಮೇಲಿನ ಕೊಂಬೆ, ನಂಬರ್ ಪ್ಲೇಟು ಓದುವಂತೆ. ಕೊನೆಗೆ ಮರದ ಬುಡ. ಜನ ಕಾರಿನ ಫೋಟೋವನ್ನು ಐವತ್ತು ತೆಗೆಯುತ್ತಾರೆ, ಬುಡದ್ದು ಒಂದೂ ಇರುವುದಿಲ್ಲ. ಮರ ಯಾಕೆ ಬಿತ್ತು ಅನ್ನುವುದಕ್ಕೆ ಸಾಕ್ಷಿ ಇರುವುದು ಬುಡದಲ್ಲಿ, ಗರಗಸದವರು ಬಂದು ಹೋದ ಮೇಲೆ ಅದು ಇರುವುದಿಲ್ಲ. ಹಾಗೆಯೇ ಮರ ತೆರವು ಮಾಡಿದ ಕೂಡಲೇ ವಾಹನಗಳ ಫೋಟೋ ಇನ್ನೊಮ್ಮೆ ತೆಗೆಯಿರಿ. ದಿಮ್ಮಿ ಎಳೆಯುವಾಗ ಹೊಸ ಗೀರು, ಹೊಸ ತಗ್ಗು ಬೀಳುತ್ತವೆ. ಮರದಿಂದ ಆದದ್ದು ಯಾವುದು, ತೆರವಿನಿಂದ ಆದದ್ದು ಯಾವುದು ಅನ್ನುವುದು ಈ ಎರಡು ಸರಣಿಯಿಂದ ಮಾತ್ರ ತಿಳಿಯುತ್ತದೆ.

ಬುಡವನ್ನು ನೋಡುವುದು ಹೇಗೆ? ಮರ ಎರಡು ಬಗೆಯಲ್ಲಿ ಬೀಳುತ್ತದೆ. ಕಾಂಡವೋ ಕೊಂಬೆಯೋ ಮುರಿದು ಬೀಳುವುದು ಒಂದು; ಬೇರು ಕಿತ್ತು, ಮಣ್ಣಿನ ತಟ್ಟೆಯನ್ನೇ ಎತ್ತಿಕೊಂಡು ಮಗುಚುವುದು ಇನ್ನೊಂದು. ಮುರಿದಿದ್ದರೆ ಮುರಿದ ಜಾಗದ ಬಣ್ಣ ನೋಡಿ. ಗಟ್ಟಿ ಮರ ಹೊಸದಾಗಿ ಮುರಿದರೆ ಅದು ತಿಳಿ ಬಣ್ಣದ್ದು, ಸೀಳು ಸೀಳಾಗಿರುತ್ತದೆ. ಒಳಗೆ ಕೊಳೆತಿದ್ದರೆ ಕಂದು ಇಲ್ಲವೇ ಕಪ್ಪು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಕೆಲವೊಮ್ಮೆ ಪೂರಾ ಟೊಳ್ಳು. ಬುಡದ ಬಳಿ ಅರ್ಧ ತಟ್ಟೆಯಂತೆ ಅಂಟಿಕೊಂಡ ಗಟ್ಟಿ ಅಣಬೆ ಇದ್ದರೆ ಕೊಳೆ ಇಂದು ನಿನ್ನೆಯದಲ್ಲ. ಬೇರು ಕಿತ್ತಿದ್ದರೆ ಬೇರಿನ ತುದಿಗಳನ್ನು ನೋಡಿ. ಗಾಳಿಯ ಜಗ್ಗಾಟಕ್ಕೆ ಹರಿದ ಬೇರಿನ ತುದಿ ನಾರು ನಾರಾಗಿರುತ್ತದೆ. ಹಾರೆ, ಗುದ್ದಲಿ, ಯಂತ್ರದಿಂದ ಹಿಂದೆಂದೋ ಕಡಿದ ಬೇರಿನ ತುದಿ ಚಪ್ಪಟೆಯಾಗಿ, ಬಣ್ಣ ಮಾಸಿ, ಅಂಚಿನಲ್ಲಿ ತೊಗಟೆ ಸುರುಳಿಗಟ್ಟಿರುತ್ತದೆ.

ನಮ್ಮ ಮಾದರಿ ಪ್ರಕರಣದಲ್ಲಿ ಇದೇ ಕಂಡಿತು. ಬುಡದ ಪಶ್ಚಿಮಕ್ಕೆ, ಗೋಡೆಯ ಮಗ್ಗುಲಲ್ಲಿ, ಕಳೆದ ನವೆಂಬರಿನಲ್ಲಿ ಸಂಘವೇ ನೀರಿನ ಪೈಪಿಗೆಂದು ಚರಂಡಿ ತೋಡಿಸಿತ್ತು. ಬುಡದಿಂದ 60 ಸೆಂಟಿಮೀಟರ್ ದೂರ, 75 ಸೆಂಟಿಮೀಟರ್ ಆಳ. ಆ ಬದಿಯ ಮೂರು ದಪ್ಪ ಬೇರುಗಳ ತುದಿ ಚಪ್ಪಟೆ. ಮರ ಬಿದ್ದದ್ದು ಪೂರ್ವಕ್ಕೆ. ಬೇರು ಕಡಿದ ಕಡೆಗೇ ಮರ ವಾಲಬೇಕಲ್ಲ, ಹಾಗಾದರೆ ಪೈಪಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ವಾದಿಸಬಹುದು. ಆದರೆ ಪಶ್ಚಿಮದಿಂದ ಗಾಳಿ ಬೀಸಿದಾಗ ಮರವನ್ನು ಹಿಂದಕ್ಕೆ ಜಗ್ಗಿ ಹಿಡಿಯುವುದು ಪಶ್ಚಿಮದ ಬೇರುಗಳೇ. ಹಗ್ಗ ಕತ್ತರಿಸಿದರೆ ಡೇರೆ ಆಚೆ ಬದಿಗೆ ಬೀಳುವ ಹಾಗೆ.

ಈಗ ಕಾರ್ಯದರ್ಶಿಯವರ ಕಷ್ಟ ಶುರು. ಶನಿವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿ ಖಜಾಂಚಿ ಹೇಳುತ್ತಾರೆ: "ಮೇಡಂ, ಆ ಪೈಪಿನ ವಿಷಯ ಬಿಟ್ಬಿಡಿ. ಬಿರುಗಾಳಿಗೆ ಬಿತ್ತು ಅಂತ ಬರೆದ್ರೆ ಇನ್ಶೂರೆನ್ಸೂ ಬರುತ್ತೆ, ಸಂಘಕ್ಕೂ ತೊಂದರೆ ಇಲ್ಲ." ಎರಡನೇ ಕಾರಿನ ಮಾಲೀಕರಿಗೆ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದೆ. ಅವರು ಬಾಗಿಲಲ್ಲೇ ನಿಂತು ಹೇಳುತ್ತಾರೆ: "ಗಾಳಿ ಅಂತ ಬರೀಬೇಡಿ ಮೇಡಂ. ಸಂಘದ ನಿರ್ಲಕ್ಷ್ಯ ಅಂತಲೇ ಬರೀರಿ. ಇಲ್ದಿದ್ರೆ ನನಗೆ ದುಡ್ಡು ಕೊಡೋರು ಯಾರು?" ಮೂರನೆಯವರೊಬ್ಬರ ಸಲಹೆ ಇನ್ನೂ ಜಾಣತನದ್ದು: ವಿಮೆಯವರಿಗೆ ಬಿರುಗಾಳಿ ಅಂತ ಒಂದು ಪತ್ರ, ಪಾಲಿಕೆಗೆ ಮರ ಒಣಗಿತ್ತು, ನೀವು ಬಂದು ನೋಡಲಿಲ್ಲ ಅಂತ ಇನ್ನೊಂದು ಪತ್ರ.

ಮೊದಲನೆಯ ಮತ್ತು ಮೂರನೆಯ ಸಲಹೆಗಳ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಗಾಳಿ ಜೋರಾಗಿದ್ದರೆ ಮಾತ್ರ ವಿಮೆ ಸಿಗುತ್ತದೆ ಅನ್ನುವುದು ಅದು. ವಾಹನಕ್ಕೆ ಪ್ಯಾಕೇಜ್ ಪಾಲಿಸಿ ಇದ್ದರೆ, ಅಂದರೆ ಸ್ವಂತ ವಾಹನದ ಹಾನಿಗೂ ರಕ್ಷಣೆ ಇದ್ದರೆ, ಬಿರುಗಾಳಿ, ಚಂಡಮಾರುತ, ಆಲಿಕಲ್ಲು ಮಳೆ ಅದರೊಳಗೆ ಬರುತ್ತವೆ. ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿಯೂ ಬರುತ್ತದೆ. ಗಾಳಿಯೇ ಇಲ್ಲದ ಮಧ್ಯಾಹ್ನ ಕೊಳೆತ ಕೊಂಬೆ ಕಳಚಿ ಕಾರಿನ ಮೇಲೆ ಬಿದ್ದರೂ ಅದು ಹೊರಗಿನಿಂದಾದ ಆಕಸ್ಮಿಕವೇ. ಮಾಲೀಕರ ಕ್ಲೇಮಿಗೆ ಗಾಳಿಯ ವೇಗ ಬೇಕಾಗಿಲ್ಲ. ಹೀಗಿರುವಾಗ ವರದಿಯಲ್ಲಿ ಗಾಳಿಯನ್ನು ಹಿಗ್ಗಿಸಿ ಯಾರಿಗೂ ಲಾಭವಿಲ್ಲ. ನಷ್ಟ ಮಾತ್ರ ಇದೆ: ಹವಾಮಾನ ಇಲಾಖೆಯಲ್ಲಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಆ ದಿನದ ಅಂಕಿಗಳಿರುತ್ತವೆ. "ಭೀಕರ ಬಿರುಗಾಳಿ" ಎಂದು ಬರೆದ ಸಂಜೆ ಸಮೀಪದ ಕೇಂದ್ರದಲ್ಲಿ ಸಾಧಾರಣ ಮಳೆ ಮಾತ್ರ ದಾಖಲಾಗಿದ್ದರೆ, ವರದಿಯ ಉಳಿದ ಸಾಲುಗಳನ್ನೂ ಓದುವವರು ಅನುಮಾನದಿಂದಲೇ ಓದುತ್ತಾರೆ.

ಎರಡು ಪತ್ರದ ಜಾಣತನವಂತೂ ಇನ್ನೂ ಅಪಾಯ. ಆ ಎರಡು ಪತ್ರಗಳೂ ಒಂದು ದಿನ ಒಂದೇ ಮೇಜಿನ ಮೇಲೆ ಬರುತ್ತವೆ. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟ ಮೇಲೆ, ಹಾನಿಗೆ ಬೇರೆಯವರು ಹೊಣೆ ಎಂದಾದರೆ ಅವರಿಂದ ವಸೂಲು ಮಾಡುವ ಮಾಲೀಕರ ಹಕ್ಕು ಕಂಪನಿಗೆ ಬರುತ್ತದೆ. ಸಣ್ಣ ಮೊತ್ತಕ್ಕೆ ಯಾರೂ ಆ ಗೋಜಿಗೆ ಹೋಗುವುದಿಲ್ಲ. ದೊಡ್ಡ ಕಾರು ಪೂರಾ ಹೋಯಿತೆಂದರೆ ಹೋಗಬಹುದು. ಇತ್ತ, ಪಾಲಿಕೆಗೆ ಕೊಟ್ಟ ಪತ್ರದ ಪ್ರತಿಯನ್ನು ಯಾವ ನಿವಾಸಿಯೂ ಮಾಹಿತಿ ಹಕ್ಕಿನಡಿ ಪಡೆಯಬಹುದು. ಗ್ರಾಹಕರ ಆಯೋಗದಲ್ಲಿ ಎರಡೂ ಪತ್ರ ಎದುರುಬದುರು ನಿಂತರೆ, ಸಹಿ ಹಾಕಿದ ಕಾರ್ಯದರ್ಶಿಯವರೇ ಉತ್ತರ ಹೇಳಬೇಕು.

ಹಾಗಾದರೆ ಹೊಣೆ ಯಾರದು ಅನ್ನುವ ಪ್ರಶ್ನೆಗೆ ಕಾನೂನು ಏನು ನೋಡುತ್ತದೆ? ದೆಹಲಿಯಲ್ಲಿ 1964ರಲ್ಲಿ ರಸ್ತೆ ಬದಿಯ ಮರದ ಕೊಂಬೆ ಬಿದ್ದು ಸ್ಕೂಟರ್ ಸವಾರರೊಬ್ಬರು ತೀರಿಕೊಂಡರು. ಆ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1999ರಲ್ಲಿ. ದೆಹಲಿ ಪಾಲಿಕೆಯೇ ಹೊಣೆ ಎಂದು ಕೋರ್ಟು ಹೇಳಿತು. ಮರ ಒಣಗಿ ಅಪಾಯಕಾರಿಯಾಗಿತ್ತು, ಅದನ್ನು ನೋಡಿಕೊಳ್ಳಬೇಕಾದವರು ನೋಡಿದ್ದರೆ ತಿಳಿಯುತ್ತಿತ್ತು ಅನ್ನುವುದೇ ಅಲ್ಲಿ ಮುಖ್ಯವಾಯಿತು. ಮರದ ಒಡೆತನ ಯಾರದು, ಅಪಾಯ ಅವರಿಗೆ ಗೊತ್ತಿತ್ತೇ ಅಥವಾ ಗೊತ್ತಾಗಬೇಕಿತ್ತೇ ಅನ್ನುವ ಎರಡು ಪ್ರಶ್ನೆಗಳ ಮೇಲೆ ಎಲ್ಲ ನಿಂತಿದೆ. ವರದಿ ಈ ಎರಡಕ್ಕೂ ಬೇಕಾದ ಸಂಗತಿಗಳನ್ನು ಕೊಡಬೇಕು, ಉತ್ತರವನ್ನಲ್ಲ.

ಆದ್ದರಿಂದ ಮರ ಎಲ್ಲಿ ನಿಂತಿತ್ತು ಅನ್ನುವುದು ವರದಿಯ ಮೊದಲ ಸಂಗತಿ. ಕಾಂಪೌಂಡಿನ ಒಳಗೋ, ಹೊರಗಿನ ಫುಟ್‌ಪಾತಿನಲ್ಲೋ? ಕೊಂಬೆ ಎಲ್ಲಿ ಹರಡಿತ್ತು ಅನ್ನುವುದು ಮುಖ್ಯವಲ್ಲ, ಬುಡ ಎಲ್ಲಿತ್ತು ಅನ್ನುವುದು ಮುಖ್ಯ. ಫುಟ್‌ಪಾತಿನದಾದರೆ ಅದು ಪಾಲಿಕೆಯ ಮರ. ಒಳಗಿದ್ದರೆ ಸಂಘದ್ದು, ಅದರ ತೆರವಿನ ಖರ್ಚನ್ನೂ ಸಾಮಾನ್ಯವಾಗಿ ಸಂಘವೇ ಹೊರಬೇಕಾಗುತ್ತದೆ. ಮಳೆಯ ರಾತ್ರಿ ಪಾಲಿಕೆಯ ತಂಡ ಮೊದಲು ಹೋಗುವುದು ರಸ್ತೆಗೆ ಅಡ್ಡ ಬಿದ್ದ ಮರಗಳ ಕಡೆಗೆ.

ನಮ್ಮ ಕಾರ್ಯದರ್ಶಿಯವರು ಬರೆದ ವರದಿಯ ನಡುಭಾಗ ಹೀಗಿರಲಿ:

"ಮರದ ಜಾತಿ: ಗುಲ್‌ಮೊಹರ್. ಬುಡವು ಪಶ್ಚಿಮದ ಕಾಂಪೌಂಡ್ ಗೋಡೆಯಿಂದ 90 ಸೆಂ.ಮೀ. ಒಳಗಿದೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ 188 ಸೆಂ.ಮೀ. ಮರವು ಬೇರುಸಮೇತ ಪೂರ್ವಕ್ಕೆ ಬಿದ್ದಿದೆ; ಕಾಂಡ ಮುರಿದಿಲ್ಲ. ಬಿದ್ದ ಹೊತ್ತು ರಾತ್ರಿ 9.40, ಗೇಟಿನ ಸಿಸಿಟಿವಿಯಲ್ಲಿ ಕಂಡಂತೆ. ಆ ಹೊತ್ತಿನಲ್ಲಿ ಮಳೆಯೂ ಗಾಳಿಯೂ ಇದ್ದವು. ಬುಡದ ಪಶ್ಚಿಮಕ್ಕೆ 60 ಸೆಂ.ಮೀ. ದೂರದಲ್ಲಿ ನೀರಿನ ಪೈಪಿನ ಚರಂಡಿ ಇದೆ. ಅದನ್ನು ಸಂಘವು ಕಳೆದ ನವೆಂಬರಿನಲ್ಲಿ ತೋಡಿಸಿದೆ. ಬಿಲ್ಲಿನ ಪ್ರತಿ ಲಗತ್ತಿಸಿದೆ. ಆ ಬದಿಯಲ್ಲಿ ಚಪ್ಪಟೆ ತುದಿಯ ಮೂರು ಬೇರುಗಳು ಕಾಣುತ್ತವೆ; ಫೋಟೋ 11ರಿಂದ 14. ಮರ ಬೀಳಲು ಕಾರಣವೇನೆಂದು ತಜ್ಞರು ಪರಿಶೀಲಿಸಬೇಕಾಗಿದೆ."

ಖಜಾಂಚಿಯವರಿಗೆ ಇದು ರುಚಿಸುವುದಿಲ್ಲ. ಪೈಪಿನ ಮಾತು ಯಾಕೆ ಬೇಕಿತ್ತು ಅನ್ನುತ್ತಾರೆ. ಬೇಕು, ಯಾಕೆಂದರೆ ಅದು ಹೇಗೂ ಫೋಟೋದಲ್ಲಿ ಇದೆ, 48 ಮನೆಯವರ ಮೊಬೈಲಿನಲ್ಲೂ ಇದೆ. ವರದಿಯಲ್ಲಿ ಅದಿಲ್ಲದಿದ್ದರೆ, ಬಚ್ಚಿಟ್ಟರು ಅನ್ನುವ ಎರಡನೇ ಆರೋಪ ಸಂಘದ ಮೇಲೆ ಬರುತ್ತದೆ. ಹಾಗೆಯೇ "ಪೈಪಿನಿಂದಲೇ ಬಿತ್ತು" ಎಂದೂ ಕಾರ್ಯದರ್ಶಿ ಬರೆದಿಲ್ಲ. ಬೇರಿನೊಳಗೆ ಕೊಳೆ ಇತ್ತೋ, ಮಣ್ಣು ನೆನೆದು ಸಡಿಲವಾಗಿತ್ತೋ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕುವುದು ಅವರ ಕೆಲಸವಲ್ಲ.

ಇನ್ನೊಂದು ಕಾರಣವೂ ಇದೆ. ಸಂಘಕ್ಕೆ ಸಾರ್ವಜನಿಕ ಹೊಣೆಯ ವಿಮೆ, ಅಂದರೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇದ್ದರೆ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಎಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರು "ಎಲ್ಲ ಖರ್ಚು ಸಂಘ ಕೊಡುತ್ತೆ, ಚಿಂತೆ ಬೇಡ" ಎಂದು ಹಾಕಿಬಿಟ್ಟರೆ, ಆ ಒಂದು ಸಾಲು ಸಂಘದ ವಿಮೆಗೇ ಮುಳುವಾಗಬಹುದು. ಮೊದಲು ಆ ವಿಮಾ ಕಂಪನಿಗೆ ಲಿಖಿತ ಮಾಹಿತಿ ಹೋಗಲಿ, ಭರವಸೆ ಆಮೇಲೆ. ಒಡೆದ ಗೋಡೆಯ ವಿಷಯ ಬೇರೆ. 2021ರ ಏಪ್ರಿಲ್‌ನಿಂದ ಬಂದಿರುವ ಕಟ್ಟಡ ವಿಮೆಯ ಪ್ರಮಾಣಿತ ಪಾಲಿಸಿಗಳಲ್ಲಿ ಹೊರಗಿನ ವಸ್ತು ಬಡಿದು ಆಗುವ ಹಾನಿಗೆ ರಕ್ಷಣೆ ಇದೆ. ಬೀಳುವ ಮರವೂ ಅದರಲ್ಲಿ ಸೇರಿದೆ. ಆದರೆ ವಿಮೆ ಮಾಡಿಸುವಾಗ ಕಾಂಪೌಂಡ್ ಗೋಡೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿರಬೇಕು. ಗೋಡೆ ಬಿಟ್ಟು ಕಟ್ಟಡಕ್ಕಷ್ಟೇ ವಿಮೆ ಇಳಿಸಿರುವ ಸಂಘಗಳೂ ಉಂಟು.

ಈಗ ವಾಹನಗಳ ಪಟ್ಟಿ. ಒಂದೊಂದಕ್ಕೂ ನೋಂದಣಿ ಸಂಖ್ಯೆ, ನಿಂತಿದ್ದ ಜಾಗದ ಸಂಖ್ಯೆ, ಆರ್‌ಸಿಯಲ್ಲಿರುವ ಹೆಸರು, ಕಣ್ಣಿಗೆ ಕಂಡ ಹಾನಿ ಬರೆಯಬೇಕು. ಆರ್‌ಸಿಯ ಹೆಸರನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಪ್ರಕರಣದ ಒಂದು ಸ್ಕೂಟರನ್ನು ಮಾಲೀಕರು ಎರಡು ತಿಂಗಳ ಹಿಂದೆ ಹಳೆಯದಾಗಿ ಕೊಂಡಿದ್ದರು. ಆರ್‌ಸಿ ಅವರ ಹೆಸರಿಗೆ ಆಗಿತ್ತು, ಪಾಲಿಸಿ ಹಿಂದಿನವರ ಹೆಸರಿನಲ್ಲೇ ಉಳಿದಿತ್ತು. ಕೊಂಡ 14 ದಿನದೊಳಗೆ ಪಾಲಿಸಿಯ ವರ್ಗಾವಣೆಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ಸ್ವಂತ ಹಾನಿಯ ಕ್ಲೇಮು ನಿಲ್ಲುವುದು ಕಷ್ಟ. ಇಂಥ ಕಡೆ ನೆರೆಯವರ ಮೇಲಿನ ಕರುಣೆಗೆ ಕಾರ್ಯದರ್ಶಿ ಹೆಸರು ತಿದ್ದಿ ಬರೆಯಬಾರದು. ದಾಖಲೆಯಲ್ಲಿ ಇದ್ದಂತೆ ಬರೆಯಬೇಕು. ಹಾನಿಯ ವಿವರದಲ್ಲೂ "ಕಾರು ಪೂರ್ತಿ ಹಾಳಾಗಿದೆ" ಎನ್ನಬೇಡಿ. "ಬಾನೆಟ್, ಛಾವಣಿಯ ಮುಂಭಾಗ ತಗ್ಗಾಗಿದೆ, ಮುಂದಿನ ಗಾಜು ಒಡೆದಿದೆ" ಎಂದರೆ ಸಾಕು. ಪೂರ್ತಿ ಹಾಳೋ ಅಲ್ಲವೋ ಅನ್ನುವುದಕ್ಕೆ ಬೇರೆ ಅಳತೆ ಇದೆ: ರಿಪೇರಿ ಖರ್ಚು ವಾಹನದ ಘೋಷಿತ ಮೌಲ್ಯದ, ಅಂದರೆ ಐಡಿವಿಯ ಶೇಕಡಾ 75ನ್ನು ಮೀರಬೇಕು.

ಮೊದಲ ಕಾರಿನ ಲೆಕ್ಕವನ್ನೇ ನೋಡೋಣ, ಹಣ ಎಲ್ಲಿ ಕಡಿಮೆಯಾಗುತ್ತದೆ ಅನ್ನುವುದು ತಿಳಿಯುತ್ತದೆ. ಪ್ಯಾಕೇಜ್ ಪಾಲಿಸಿ ಇದೆ, ಜೀರೋ ಡೆಪ್ ಇಲ್ಲ. ಕಾರಿಗೆ ನಾಲ್ಕು ವರ್ಷ ಮೂರು ತಿಂಗಳು, ಐಡಿವಿ 4,20,000 ರೂಪಾಯಿ. ತೆರಿಗೆ ಬಿಟ್ಟು ರಿಪೇರಿ ಅಂದಾಜು 1,16,000. ಇದರಲ್ಲಿ ಲೋಹದ ಭಾಗಗಳು 60,000; ನಾಲ್ಕರಿಂದ ಐದು ವರ್ಷದ ಕಾರಿಗೆ ಲೋಹದ ಮೇಲೆ ಶೇಕಡಾ 35 ಸವಕಳಿ, ಅಂದರೆ 21,000 ಕಳೆಯುತ್ತದೆ. ಪ್ಲಾಸ್ಟಿಕ್ ಬಂಪರ್ 8,000. ಅದಕ್ಕೆ ಅರ್ಧ, 4,000 ಹೋಗುತ್ತದೆ. ಪೇಂಟಿಂಗ್ 24,000, ಅದರ ಕಾಲುಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು, ಅದರಲ್ಲಿ ಅರ್ಧ, ಅಂದರೆ 3,000 ಕಳೆಯುತ್ತಾರೆ. ಗಾಜು 9,000, ಕೂಲಿ 15,000. ಇವೆರಡಕ್ಕೆ ಸವಕಳಿ ಇಲ್ಲ. ಒಟ್ಟು ಸವಕಳಿ 28,000. 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬರುವುದು 87,000. ಉಳಿದ 29,000 ಮಾಲೀಕರ ಜೇಬಿನದು. ಜೊತೆಗೆ ಮುಂದಿನ ವರ್ಷ ನೋ ಕ್ಲೇಮ್ ಬೋನಸ್ ಕೂಡ ಇಲ್ಲ.

ಸಂಘದಲ್ಲಿ ಜಗಳ ಹುಟ್ಟುವುದು ಈ 29,000ಕ್ಕೆ. "ನನ್ನ ತಪ್ಪೇನು, ನಾನ್ಯಾಕೆ ಕೊಡಲಿ?" ಎಂದು ಮಾಲೀಕರು ಕೇಳುವುದು ನ್ಯಾಯವೇ. ಆದರೆ ಅದನ್ನು ವಿಮಾ ಕಂಪನಿಯಿಂದ ಪಡೆಯಲು ವರದಿಯಲ್ಲಿ ಏನು ಸೇರಿಸಿದರೂ ಆಗದು; ಸವಕಳಿ ಪಾಲಿಸಿಯ ಕರಾರಿನಲ್ಲೇ ಇದೆ. ಎರಡನೇ ಕಾರಿನವರ ಪಾಡು ಇನ್ನೂ ಬಿಗಿ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಅವರ ಕಾರಿಗೆ ಒಂದು ರೂಪಾಯಿಯೂ ಇಲ್ಲ. ಅವರಿಗಿರುವ ದಾರಿ ಒಂದೇ: ಮರದ ಒಡೆಯರಿಂದ, ಇಲ್ಲಿ ಸಂಘದಿಂದ, ನಿರ್ಲಕ್ಷ್ಯ ತೋರಿಸಿ ಪರಿಹಾರ ಕೇಳುವುದು. ಅಂಥವರಿಗೆ ವರದಿಯಲ್ಲಿರುವ ಚರಂಡಿಯ ಅಳತೆ, ಬೇರಿನ ಫೋಟೋ ಸಾಕ್ಷಿಯಾಗುತ್ತವೆ. "ನಿರ್ಲಕ್ಷ್ಯ" ಎಂದು ಕಾರ್ಯದರ್ಶಿ ಬರೆದುಕೊಟ್ಟ ಒಂದು ಪದಕ್ಕಿಂತ ಅವುಗಳ ತೂಕ ಹೆಚ್ಚು. ಸಂಘ ಕೋರ್ಟಿನ ಹಾದಿ ಬೇಡವೆಂದುಕೊಂಡರೆ, ಹೊಣೆಯ ವಿಮೆ ಇದ್ದಲ್ಲಿ ಆ ಕಂಪನಿಯ ಒಪ್ಪಿಗೆ ಪಡೆದು, ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿ, ಹೊಣೆ ಒಪ್ಪಿಕೊಳ್ಳದೆ ಸೌಹಾರ್ದದ ನೆರವೆಂದು ಒಂದು ಮೊತ್ತ ಕೊಡಬಹುದು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಪಾಲಿಕೆಗೆ ಹೋಗುವ ಪತ್ರಕ್ಕೂ ಇದೇ ವರದಿಯೇ ಲಗತ್ತು. ಮೇಲೊಂದು ಪುಟದ ಮುಖಪತ್ರ ಸಾಕು. ಅದು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ನೇಮಕವಾದ ವೃಕ್ಷ ಅಧಿಕಾರಿಯ ಹೆಸರಿಗೆ ಹೋಗಬೇಕು, ಅದರ ಒಂದು ಪ್ರತಿ ವಾರ್ಡ್ ಎಂಜಿನಿಯರಿಗೆ. ಕೇಳಬೇಕಾದ್ದು ಮೂರು. ಸ್ಥಳ ಪರಿಶೀಲಿಸಿ ಮಹಜರು ಮಾಡಿ ಅದರ ಪ್ರತಿ ಕೊಡಿ ಅನ್ನುವುದು ಒಂದು. ಬಿದ್ದ ಮರವನ್ನು ತೆರವು ಮಾಡಿ ಸಾಗಿಸಲು ಅನುಮತಿ ಕೊಡಿ ಅನ್ನುವುದು ಎರಡು. ಉಳಿದ ಮರಗಳನ್ನು ನೋಡಿ, ಅಪಾಯವಿದ್ದ ಕೊಂಬೆ ಸವರಲು ಅನುಮತಿ ಕೊಡಿ ಅನ್ನುವುದು ಮೂರು. ಪತ್ರ ಕೊಟ್ಟು ಬರೀ ಬಾಯಿಮಾತು ಕೇಳಿಕೊಂಡು ಬರಬೇಡಿ. ಆವಕ ಸಂಖ್ಯೆ, ದಿನಾಂಕ, ಮೊಹರು ನಿಮ್ಮ ಪ್ರತಿಯ ಮೇಲೆ ಬೀಳಬೇಕು. ಮಹಜರಿನ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, 30 ದಿನದ ಗಡುವು ಇದೆ.

ಗಾಳಿಗೆ ಬಿದ್ದ ಮರಕ್ಕೆ, ಪ್ರಾಣಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಆ ಕಾಯ್ದೆಯ 8ನೇ ಪ್ರಕರಣದಲ್ಲೇ ಇದೆ. ಹಾಗೆಂದು ಅನುಮತಿ ಕೇಳುವುದೇ ಬೇಡ ಎಂದಲ್ಲ. ಇಲ್ಲೇ ಕೆಲವು ಸಂಘಗಳು ಎಡವುತ್ತವೆ. ಒಂದು ಮರ ಬಿದ್ದ ಭಯಕ್ಕೆ, ಗರಗಸದವರು ಹೇಗೂ ಬಂದಿದ್ದಾರೆ ಎಂದು ಪಕ್ಕದ ಎರಡು ಗಟ್ಟಿ ಮರಗಳನ್ನೂ ಉರುಳಿಸಿಬಿಡುತ್ತಾರೆ. ನಿಂತ ಮರವನ್ನು ಅನುಮತಿಯಿಲ್ಲದೆ ಕಡಿದದ್ದು ಅಪರಾಧ. ಆಗ ನಷ್ಟ ಅನುಭವಿಸಿ ದೂರು ಕೊಟ್ಟ ಸಂಘವೇ ಆರೋಪಿಯಾಗುತ್ತದೆ. ದಿಮ್ಮಿಯನ್ನು ಸಾಮಿಲ್ಲಿನವರಿಗೆ ಅಂದೇ ಮಾರುವುದೂ ಬೇಡ. ಅನುಮತಿ ಕೈಗೆ ಬರಲಿ, ಸರ್ವೇಯರ್ ನೋಡಿ ಹೋಗಲಿ. ಆಮೇಲೂ ಬುಡದ ಒಂದು ಬಿಲ್ಲೆಯನ್ನು ಕತ್ತರಿಸಿ, ತಾರೀಖು ಬರೆದು ಸಂಘದ ಕೋಣೆಯಲ್ಲಿ ಇಡಿ.

ಹಳೆಯ ಪತ್ರಗಳ ವಿಷಯ ಉಳಿಯಿತು. ಸಂಘ ಪಾಲಿಕೆಗೆ ಹಿಂದೆ ದೂರು ಕೊಟ್ಟಿದ್ದರೆ ಅದನ್ನು ಎಲ್ಲರೂ ಹುಮ್ಮಸ್ಸಿನಿಂದ ಲಗತ್ತಿಸುತ್ತಾರೆ. ನಿವಾಸಿಯೊಬ್ಬರು "ಮರ ವಾಲುತ್ತಿದೆ" ಎಂದು ಸಂಘಕ್ಕೇ ಬರೆದ ಇಮೇಲ್ ಇದ್ದರೆ ಅದು ಕಡತದಿಂದ ಮಾಯವಾಗುತ್ತದೆ. ಎರಡೂ ಒಂದೇ ಜಾತಿಯ ಸಂಗತಿ. ಅಪಾಯ ಯಾರಿಗೆ ಯಾವಾಗ ತಿಳಿಯಿತು ಅನ್ನುವುದನ್ನು ಹೇಳುತ್ತವೆ. ಒಂದನ್ನು ಇಟ್ಟು ಇನ್ನೊಂದನ್ನು ತೆಗೆದರೆ, ಇಮೇಲ್ ಕಳಿಸಿದವರ ಬಳಿ ಪ್ರತಿ ಇದ್ದೇ ಇರುತ್ತದೆ.

ವರದಿ ಎಷ್ಟು ಉದ್ದ ಇರಬೇಕು ಎಂದು ಕೇಳುವವರಿದ್ದಾರೆ. ಎರಡು ಪುಟ, ಅದಕ್ಕೊಂದು ಕೈಯಲ್ಲಿ ಬರೆದ ನಕ್ಷೆ, ಸಂಖ್ಯೆ ಹಾಕಿದ ಫೋಟೋಗಳು, ವಾಹನಗಳ ಪಟ್ಟಿ. ಇಷ್ಟು ಸಾಕು. ಸಮಿತಿಯ ಇಬ್ಬರು ಸದಸ್ಯರು, ಆ ರಾತ್ರಿ ಗೇಟಿನಲ್ಲಿದ್ದ ಕಾವಲುಗಾರರು ಓದಿ, ಅಥವಾ ಓದಿಸಿ ಕೇಳಿ, ಸಹಿ ಹಾಕಲಿ. ಎರಡು ದಿನದೊಳಗೆ ಇದು ಆಗಬೇಕು. ವಾಹನ ಮಾಲೀಕರಂತೂ ತಮ್ಮ ವಿಮಾ ಕಂಪನಿಗೆ ಅಂದೇ ತಿಳಿಸಬೇಕು. ಸಂಘದ ವರದಿಗೆಂದು ಕಾಯುತ್ತ ಕೂರಬಾರದು. ಕೆಲವು ಕಂಪನಿಗಳು ಠಾಣೆಯ ಸ್ವೀಕೃತಿಯನ್ನೂ ಕೇಳುತ್ತವೆ. ಇದೇ ವರದಿಯ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದರಾಯಿತು. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಪೊಲೀಸರಿಗೆ ಆ ಕ್ಷಣವೇ ತಿಳಿಸಬೇಕು.

ವರದಿಯನ್ನು ಕಳಿಸುವ ಮೊದಲು ಕಾರ್ಯದರ್ಶಿಯವರು ಒಂದು ಪರೀಕ್ಷೆ ಮಾಡಿ ನೋಡಬಹುದು. ಕೆಂಪು ಪೆನ್ನು ಹಿಡಿದು, ತಾವು ನೋಡದ, ಅಳೆಯದ, ದಾಖಲೆಯಿಂದ ಎತ್ತಿಕೊಳ್ಳದ ಪ್ರತಿಯೊಂದು ಮಾತಿನಡಿ ಗೆರೆ ಎಳೆಯಲಿ. "ಭೀಕರ", "ದುರದೃಷ್ಟವಶಾತ್", "ನಿರ್ಲಕ್ಷ್ಯ", "ದೈವಾಧೀನ" ಇವೆಲ್ಲ ಗೆರೆಯ ಮೇಲೆ ಬಂದು ಕೂರುತ್ತವೆ. ಅವನ್ನು ಹೊಡೆದುಹಾಕಿದ ಮೇಲೆ ಉಳಿದ ವರದಿಗೆ ಸಹಿ ಹಾಕಿದರೆ, ವಿಮೆಯವರು ಕರೆದರೂ ಪಾಲಿಕೆಯವರು ಕರೆದರೂ ಎರಡನೇ ಕಾರಿನ ಮಾಲೀಕರು ಕೋರ್ಟಿಗೆ ಎಳೆದರೂ ಅವರು ಹೇಳಬೇಕಾದ ಮಾತು ಒಂದೇ: ನಾನು ಕಂಡದ್ದು ಇಷ್ಟು.